ಬಿಮ್ ಯೋಜನೆ: ಯಾರ ಮಾಡೆಲ್, ಎಷ್ಟು ವಿವರ, ಯಾವಾಗ ಪರಿಶೀಲನೆ?

ಕಟ್ಟಡದ ಮೂರು ಆಯಾಮದ, ಮಾಹಿತಿ ತುಂಬಿದ ಮಾಡೆಲ್, ಅಂದರೆ ಬಿಮ್, ತಯಾರಿಸುವ ಮುನ್ನ ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್ ಮತ್ತು ಸರ್ವಿಸಸ್ ಎಂಜಿನಿಯರ್ ಒಪ್ಪಿ ಸಹಿ ಹಾಕುವ ದಾಖಲೆಯೇ ಬಿಮ್ ಅನುಷ್ಠಾನ ಯೋಜನೆ. ಹೊಣೆ, ವಿವರದ ಮಟ್ಟ ಮತ್ತು ಅಂಗಗಳು ಒಂದಕ್ಕೊಂದು ತಗಲುವ ಕ್ಲ್ಯಾಶ್‌ಗಳ ಪರಿಶೀಲನೆಯನ್ನು ಹೇಳುವ ಅದರ ಭಾಗವನ್ನು ಹಳೆಯ ಕಡತದಿಂದ ನಕಲು ಮಾಡುವ ಅಭ್ಯಾಸವನ್ನು ನಾನು ಮೈಸೂರಿನ ಹಲವು ಕೆಲಸಗಳಲ್ಲಿ ನೋಡಿದ್ದೇನೆ. ಅದನ್ನು ಹೊಸದಾಗಿ ಬರೆಯುವ ಕ್ರಮ ಇಲ್ಲಿದೆ.

ಮೊದಲು ಹೊಣೆಯ ಪಟ್ಟಿ. ಪ್ರತಿ ಅಂಗಕ್ಕೂ ಒಬ್ಬರೇ ಒಡೆಯರಿರಬೇಕು. ಕಾಲಂ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಸೇರಿದ್ದಾದರೆ, ಆರ್ಕಿಟೆಕ್ಟ್ ಅದನ್ನು ಲಿಂಕ್ ಮಾಡಿ ನೋಡಬೇಕೇ ಹೊರತು ತಮ್ಮ ಕಡತದಲ್ಲಿ ಮತ್ತೊಮ್ಮೆ ಬಿಡಿಸಬಾರದು; ಬಿಡಿಸಿದರೆ ಪರೀಕ್ಷೆಯಲ್ಲಿ ಪ್ರತಿ ಕಾಲಮ್ಮೂ ತನ್ನದೇ ನಕಲಿಗೆ ಡಿಕ್ಕಿ ಹೊಡೆಯುತ್ತದೆ. ಬೀಮ್‌ನಲ್ಲಿ ಪೈಪ್ ಹಾಯುವ ರಂಧ್ರ ಯಾರದು ಎಂಬುದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ. ಸ್ಥಳ ಮತ್ತು ಅಳತೆಯನ್ನು ಸರ್ವಿಸಸ್ ಎಂಜಿನಿಯರ್ ಕೇಳಬೇಕು, ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿ ತಮ್ಮ ಮಾಡೆಲ್‌ನಲ್ಲಿ ತೆರೆಯಬೇಕು ಎಂದು ಒಂದು ಸಾಲು ಬರೆದಿಡಿ. ಆ ಸಾಲಿಲ್ಲದಿದ್ದರೆ ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೋರಿಂಗ್ ಯಂತ್ರ ಬರುತ್ತದೆ, ಅದು ಒಳಗಿನ ಕಬ್ಬಿಣವನ್ನು ಕತ್ತರಿಸುವ ಅಪಾಯವೂ ಬರುತ್ತದೆ.

ಎಲ್ಲರೂ ಎಡವುವುದು ವಿವರದ ಮಟ್ಟದಲ್ಲಿ, ಅಂದರೆ ಎಲ್‌ಒಡಿಯಲ್ಲಿ. ‘ಇಡೀ ಕಟ್ಟಡ ಎಲ್‌ಒಡಿ 300’ ಎಂದು ಒಂದೇ ವಾಕ್ಯದಲ್ಲಿ ಮುಗಿಸುವವರೇ ಹೆಚ್ಚು. 200 ಎಂದರೆ ಅಂದಾಜು ಗಾತ್ರ ಮತ್ತು ಸ್ಥಳ. 300 ಎಂದರೆ ನಿಖರ ಅಳತೆ ಮತ್ತು ಜಾಗ. 350 ಎಂದರೆ ಅದರ ಜೊತೆಗೆ ಆಧಾರ, ಜೋಡಣೆ ಮತ್ತು ಪಕ್ಕದ ಅಂಗಗಳೊಂದಿಗಿನ ಸಂಬಂಧ. 400 ತಯಾರಿಕೆಗೆ ಬೇಕಾದಷ್ಟು ವಿವರ. ಸರ್ವಿಸ್‌ಗಳು ಒಂದಕ್ಕೊಂದು ತಗಲುತ್ತವೆಯೇ ಎಂದು ತಿಳಿಯಲು 300 ಸಾಲದು.

ಹುಣಸೂರು ರಸ್ತೆ ಕಡೆಯ ಒಂದು ನರ್ಸಿಂಗ್ ಹೋಮ್‌ನ ಕಾರಿಡಾರ್ ನನಗೆ ಇದನ್ನು ಕಲಿಸಿತು. ನೆಲದಿಂದ ನೆಲಕ್ಕೆ 3600 ಮಿ.ಮೀ. ಮೇಲಿನ ನೆಲಹಾಸಿನ 50 ಮತ್ತು ಸ್ಲ್ಯಾಬ್ ಸೇರಿದ ಬೀಮ್‌ನ 600 ಕಳೆದರೆ ಬೀಮ್‌ನ ತಳ 2950ರಲ್ಲಿ. ಫಾಲ್ಸ್ ಸೀಲಿಂಗ್‌ನ ಚೌಕಟ್ಟಿನ ಮೇಲ್ತುದಿ 2550ರಲ್ಲಿ. ನಡುವೆ ಉಳಿದದ್ದು 400. ಮಾಡೆಲ್‌ನಲ್ಲಿ ಎ.ಸಿ. ಡಕ್ಟ್ ಬರೀ ತಗಡಾಗಿ 300 ಎತ್ತರವಿತ್ತು. ಅದರ ಕೆಳಗೆ ಸುಮಾರು 60 ಹೊರವ್ಯಾಸದ ಸ್ಪ್ರಿಂಕ್ಲರ್ ಪೈಪ್ ಸಲೀಸಾಗಿ ಹಾದುಹೋಗಿತ್ತು, ಪರೀಕ್ಷೆಯೂ ಒಂದೇ ಒಂದು ಕ್ಲ್ಯಾಶ್ ತೋರಿಸಲಿಲ್ಲ. ಆದರೆ ಕೆಲಸದ ಜಾಗದಲ್ಲಿ ಡಕ್ಟ್‌ನ ಫ್ಲ್ಯಾಂಜ್ ಮೇಲೆ 30, ಕೆಳಗೆ 30 ಚಾಚಿತ್ತು, ಅದನ್ನು ಹೊರುವ ಆ್ಯಂಗಲ್ ಇನ್ನೂ 40 ತೆಗೆದುಕೊಂಡಿತು. ಅಲ್ಲಿಗೇ 400 ಮುಗಿಯಿತು, ಪೈಪಿಗೆ ಒಂದು ಮಿಲಿಮೀಟರೂ ಉಳಿಯಲಿಲ್ಲ. ಕೊನೆಗೆ ಆ ಕಾರಿಡಾರ್‌ನ ಸೀಲಿಂಗನ್ನೇ ಇಳಿಸಬೇಕಾಯಿತು. ಆದ್ದರಿಂದ ಸೀಲಿಂಗ್ ಮೇಲಿನ ಡಕ್ಟ್, ಪೈಪ್, ಕೇಬಲ್ ಟ್ರೇಗಳಿಗೆ ಇನ್ಸುಲೇಷನ್, ಫ್ಲ್ಯಾಂಜ್, ಹ್ಯಾಂಗರ್ ಸಮೇತ ಎಲ್‌ಒಡಿ 350 ಎಂದು ಅಂಗವಾರು ಬರೆಯಿರಿ. ಬಾಗಿಲಿಗೂ ಕಮೋಡಿಗೂ ಎಲ್‌ಒಡಿ 300 ಧಾರಾಳ. ತಯಾರಕರ ಜಾಲತಾಣದಿಂದ ಇಳಿಸಿದ, ನಟ್ಟು-ಬೋಲ್ಟಿನವರೆಗೆ ಬಿಡಿಸಿದ ಭಾರದ ಸಿದ್ಧ ಮಾಡೆಲ್‌ಗಳನ್ನು, ಅಂದರೆ ಫ್ಯಾಮಿಲಿಗಳನ್ನು, ಒಳಗೆ ಬಿಡಬೇಡಿ. ಕಡತ ನಿಧಾನವಾಗುತ್ತದೆ, ಪ್ರಯೋಜನವೇನೂ ಇಲ್ಲ.

ಕೊನೆಗೆ ಪರಿಶೀಲನೆಯ ದಿನಚರಿ. ಮಂಗಳವಾರ ಸಂಜೆಯೊಳಗೆ ಎಲ್ಲರೂ ಕಡತ ಒಪ್ಪಿಸುವುದು, ಬುಧವಾರ ಪರೀಕ್ಷೆ, ಶುಕ್ರವಾರ ಸಭೆ: ನಾನು ಹಿಡಿದಿರುವ ಕ್ರಮ ಇದೇ, ಹದಿನೈದು ದಿನಕ್ಕೊಮ್ಮೆ ಎಂಬುದನ್ನು ಒಪ್ಪುವುದಿಲ್ಲ. ಎಲ್ಲವನ್ನೂ ಎಲ್ಲದರ ಮೇಲೆ ಓಡಿಸದೆ, ಮೊದಲು ಸ್ಟ್ರಕ್ಚರ್ ಮತ್ತು ಡಕ್ಟ್, ನಂತರ ಸ್ಟ್ರಕ್ಚರ್ ಮತ್ತು ಡ್ರೈನ್ ಪೈಪ್, ಆಮೇಲೆ ಸರ್ವಿಸ್‌ಗಳು ಪರಸ್ಪರ ಎಂಬ ಸರದಿಯನ್ನು ಯೋಜನೆಯಲ್ಲೇ ನಮೂದಿಸಿ. ಇಳಿಜಾರಿನಲ್ಲೇ ಹರಿಯಬೇಕಾದ ಡ್ರೈನ್ ಪೈಪ್ 100ಕ್ಕೆ 1ರಂತೆ 12 ಮೀಟರಿಗೆ 120 ಮಿ.ಮೀ. ಇಳಿಯುತ್ತದೆ. ಅದನ್ನು ಮನಸ್ಸಿಗೆ ಬಂದಂತೆ ಎತ್ತಲಾಗದು, ಹಾಗಾಗಿ ದಾರಿ ಬಿಡಬೇಕಾದದ್ದು ನೀರಿನ ಪೈಪ್ ಮತ್ತು ಕೇಬಲ್ ಟ್ರೇ. ತಗಲುವ ಪರೀಕ್ಷೆಗೆ ನಾನು 10 ಮಿ.ಮೀ. ಟಾಲರೆನ್ಸ್ ಇಡುತ್ತೇನೆ, ಅಂದರೆ ಅದಕ್ಕಿಂತ ಕಡಿಮೆ ಒಳಹೊಕ್ಕದ್ದು ಲೆಕ್ಕಕ್ಕಿಲ್ಲ. ವಾಲ್ವ್ ತಿರುಗಿಸಲು, ಫಿಲ್ಟರ್ ಕಳಚಲು ಬೇಕಾದ ತೆರವಿಗೆ ಬೇರೆಯೇ ಪರೀಕ್ಷೆ ಬೇಕು.

ಒಂದೇ ಡಕ್ಟ್ ಹತ್ತು ಬೀಮ್‌ಗೆ ತಗುಲಿದ್ದರೆ ಅದು ಹತ್ತು ಸಮಸ್ಯೆಯಲ್ಲ, ಒಂದೇ. ಗುಂಪು ಮಾಡಿ, ಒಬ್ಬರ ಹೆಸರು ಮತ್ತು ತಾರೀಖು ಹಾಕಿ. ಸಭೆಗೆ ಮುನ್ನ ಸಂಖ್ಯೆ ಇಳಿಸಿ ತೋರಿಸಲು ಟಾಲರೆನ್ಸ್ ಏರಿಸುವುದನ್ನೂ, ಪರೀಕ್ಷೆ ಓಡಿಸುವ ನ್ಯಾವಿಸ್‌ವರ್ಕ್ಸ್ ತಂತ್ರಾಂಶದಲ್ಲಿ `Approved` ಎಂದು ಒತ್ತಿಬಿಡುವುದನ್ನೂ ನಾನು ಕಂಡಿದ್ದೇನೆ. `Approved` ಎಂದರೆ ಆ ಕ್ಲ್ಯಾಶ್ ಹಾಗೆಯೇ ಇರಲಿ ಎಂದು ಒಪ್ಪಿದಂತೆ. ಅದನ್ನು ಒತ್ತುವ ಅಧಿಕಾರ ಆ ಅಂಗದ ಒಡೆಯರಿಗೆ ಮಾತ್ರ, ಅದೂ ಕಾರಣ ಬರೆದ ಮೇಲೆ ಎಂದು ನಿಯಮ ಮಾಡಿ. ಸರಿಪಡಿಸಿದ್ದನ್ನು ಕೈಯಿಂದ `Resolved` ಮಾಡಬೇಡಿ. ತಿದ್ದಿದ ಕಡತ ಬಂದು ಮುಂದಿನ ಬುಧವಾರ ಪರೀಕ್ಷೆ ಮತ್ತೆ ಓಡಿದಾಗ, ಆ ಕ್ಲ್ಯಾಶ್ ಕಾಣದಿದ್ದರೆ ತಂತ್ರಾಂಶವೇ ಹಾಗೆ ಗುರುತಿಸುತ್ತದೆ.