ಗಣಿತ ಪರೀಕ್ಷೆಯ ಹಿಂದಿನ ದಿನ ನನ್ನ ಅಕ್ಕನ ಮಗನಿಗೆ ಬರೆದುಕೊಟ್ಟ ಪ್ರಾರ್ಥನೆ

ಅಕ್ಕನ ಮಗ ಹೈಸ್ಕೂಲ್ ಪೂರ್ತಿ ನಮ್ಮ ಮನೆಯಲ್ಲೇ ಇದ್ದು ಓದಿದ. ಕನ್ನಡ ಮಾಧ್ಯಮ. 2025ರ ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಬರೆದ. ಮಾರ್ಚ್ 21ರ ಶುಕ್ರವಾರ ಪ್ರಥಮ ಭಾಷೆ ಮುಗಿಯಿತು, 24ರ ಸೋಮವಾರ ಗಣಿತ. ಕನ್ನಡದ ದಿನ ನಗುತ್ತಾ ಹೋಗಿ ಬಂದ ಹುಡುಗ ಶನಿವಾರ ಸಂಜೆಯಿಂದ ಸರಿಯಾಗಿ ಊಟ ಮಾಡಲಿಲ್ಲ. ಕಾರಣ ನನಗೆ ಗೊತ್ತಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಥೇಲ್ಸ್ ಪ್ರಮೇಯ ಬಂದಿತ್ತು. ಮನೆಯಲ್ಲಿ ಹತ್ತು ಸಲ ಬರೆದಿದ್ದ ಪ್ರಮೇಯ ಅದು. ಅಲ್ಲಿ ಕೂತಾಗ ಏನೂ ನೆನಪಾಗಲಿಲ್ಲವಂತೆ, ಆ ಜಾಗ ಖಾಲಿ ಬಿಟ್ಟು ಬಂದಿದ್ದ.

ನಮ್ಮ ಮನೆಯಲ್ಲಿ ದಿನಾ ಸಂಜೆ ದೀಪ ಹಚ್ಚಿ ಪ್ರಾರ್ಥನೆ ಮಾಡುತ್ತೇವೆ. ಹಾಗಾಗಿ ಅವನಿಗಾಗಿ ನಾನೇ ಒಂದು ಪ್ರಾರ್ಥನೆ ಬರೆದೆ. ಮೊದಲು ಬರೆದದ್ದು ಕೆಟ್ಟಿತ್ತು. "ಅಮ್ಮಾ ಶಾರದೆ, ಓದಿದ್ದು ಮರೆಯದಂತೆ ನೋಡಿಕೋ, ತಪ್ಪಾಗದಂತೆ ಕಾಪಾಡು, ಒಳ್ಳೆಯ ಅಂಕ ಕೊಡು" ಅಂತಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಅವನ ಕೈಗೆ ಕೊಟ್ಟೆ. ಎರಡು ಸಲ ಹೇಳಿಕೊಂಡ, ಮೂರನೇ ಸಲಕ್ಕೆ ಮಾತು ಓಡತೊಡಗಿತು. ಆಮೇಲೆ ಕೇಳಿದ, "ಮಾವ, ಮಧ್ಯೆ ಒಂದು ಪದ ತಪ್ಪಿತು, ಮತ್ತೆ ಮೊದಲಿಂದ ಹೇಳಬೇಕಾ?"

ಆಗ ನನಗೆ ಹೊಳೆಯಿತು. ಅವನು ಪ್ರಾರ್ಥನೆ ಮಾಡುತ್ತಿರಲಿಲ್ಲ, ಇನ್ನೊಂದು ಪರೀಕ್ಷೆ ಬರೆಯುತ್ತಿದ್ದ. ನಾನು ಕೊಟ್ಟ ಸಾಲುಗಳಲ್ಲೇ ಮರೆವು, ತಪ್ಪು, ಅಂಕ ಮೂರೂ ಕೂತಿದ್ದವು. ಹೆದರಿದ ಮಗು "ಮರೆಯದಿರಲಿ" ಅಂದಾಗೆಲ್ಲ ಮರೆವನ್ನೇ ನೆನೆಯುತ್ತೆ, ಅಲ್ವಾ? ಮಾತು ಓಡುವುದು, ಪದ ತಪ್ಪಿದರೆ ಮೊದಲಿಂದ ಶುರು ಮಾಡುವುದು, ಎಷ್ಟು ಸಲ ಹೇಳಬೇಕು ಅಂತ ಲೆಕ್ಕ ಕೇಳುವುದು, ಇವು ಕಂಡರೆ ಪ್ರಾರ್ಥನೆ ಮಗುವಿಗೆ ಆಸರೆ ಆಗಿಲ್ಲ, ಹೊರೆ ಆಗಿದೆ ಅಂತಲೇ ಅರ್ಥ.

ಹೊಸದಾಗಿ ಬರೆಯಲು ಕೂತಾಗ ಅವನ ಅಕ್ಷರಾಭ್ಯಾಸ ನೆನಪಾಯಿತು. ಅವತ್ತು ನನ್ನ ತೊಡೆಯ ಮೇಲೇ ಕೂತಿದ್ದ. ತಟ್ಟೆಯಲ್ಲಿ ಅಕ್ಕಿ ಹರಡಿ, ಅವನ ಬೆರಳು ಹಿಡಿದು ಓಂ ಅಂತ ಬರೆಸಿದ್ದೆ. ಕೈ ಬಿಗಿ ಮಾಡಿಕೊಂಡಿದ್ದ, ಅಕ್ಕಿ ಚೆಲ್ಲಿತ್ತು, ಆದರೂ ಅಕ್ಷರ ಮೂಡಿತ್ತು. ಕೇಳಬೇಕಾದದ್ದು ಅದನ್ನೇ ಅನ್ನಿಸಿತು. ಅಂಕ ಬೇಡ, ಕೈ ಹಿಡಿದು ಮೊದಲ ಸಾಲು ಬರೆಸು ಅಂದರೆ ಸಾಕು. ಬರೆದದ್ದು ಇದು:

ಅಮ್ಮಾ ಶಾರದೆ, ನಾನು ಬಂದು ಕೂತಿದ್ದೇನೆ.
ಎದೆ ಹೊಡೆದುಕೊಳ್ಳುತ್ತಿದೆ, ನಿನಗೆ ಗೊತ್ತು.
ಓದಿದ್ದು ನನ್ನೊಳಗೇ ಇದೆ.
ಅಕ್ಕಿಯ ಮೇಲೆ ಬರೆಸಿದ ಹಾಗೆ ಕೈ ಹಿಡಿದು ಮೊದಲ ಸಾಲು ಬರೆಸು.
ಗೊತ್ತಿರುವುದನ್ನು ನಿಧಾನವಾಗಿ ಬರೆಯುತ್ತೇನೆ.
ಗೊತ್ತಿಲ್ಲದ್ದು ಬಂದರೆ ಮುಂದಿನದಕ್ಕೆ ಕರೆದುಕೊಂಡು ಹೋಗು.
ಇಲ್ಲಿ ಕೂತಿರುವ ಎಲ್ಲರ ಜೊತೆಗೂ ಇರು.
ಮಧ್ಯಾಹ್ನ ಹೊರಗೆ ಬಂದಾಗಲೂ ನಾನು ನಿನ್ನ ಮಗುವೇ.

ಪ್ರತಿ ಸಾಲೂ ಒಂದೇ ಉಸಿರಲ್ಲಿ, ಉಸಿರು ಬಿಡುತ್ತಾ ಹೇಳಿ ಮುಗಿಸುವಷ್ಟಿದೆ. ಅದು ಬೇಕೆಂದೇ ಮಾಡಿದ್ದು. ಸಾಲಿಗೊಂದು ಸಲ ಉಸಿರು ಎಳೆದುಕೊಳ್ಳಲೇಬೇಕಾಗುವುದರಿಂದ ಮಾತು ತಾನಾಗಿಯೇ ನಿಧಾನವಾಗುತ್ತೆ. ಎರಡನೇ ಸಾಲನ್ನು ತೆಗೆಯೋಣ ಅಂತ ಮೊದಲು ಅಂದುಕೊಂಡಿದ್ದೆ, ಹೆದರಿಕೆಯನ್ನು ಯಾಕೆ ನೆನಪಿಸಬೇಕು ಅಂತ. ಆದರೆ ಹೆದರಿಕೆ ಅಲ್ಲಿ ಇದ್ದೇ ಇತ್ತು. ಅದನ್ನು ಬಚ್ಚಿಟ್ಟುಕೊಂಡು ದೇವರ ಮುಂದೆ ಕೂರುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೆ ಇಟ್ಟೆ, ಆದರೆ "ಹೋಗಲಾಡಿಸು" ಅಂತ ಕೇಳಲಿಲ್ಲ. ಕೇಳಿ, ಅದು ಹೋಗದಿದ್ದರೆ ದೇವರೂ ಕೈಬಿಟ್ಟಳು ಅಂದುಕೊಳ್ಳುತ್ತಾನೆ.

ಪದ ತಪ್ಪಿದರೆ ಹಿಂದಕ್ಕೆ ಬರಬೇಡ, ಮುಂದಿನ ಸಾಲಿಗೆ ಹೋಗು ಅಂತ ಹೇಳಿದೆ. "ಇದು ಮಂತ್ರ ಅಲ್ಲ ಕಣೋ, ಅಮ್ಮನ ಹತ್ತಿರ ಮಾತಾಡಿದ ಹಾಗೆ. ಮಾತಲ್ಲಿ ಪದ ತಪ್ಪಿದ್ರೆ ಅಮ್ಮಂಗೆ ಅರ್ಥ ಆಗಲ್ವಾ?"

ಅಷ್ಟರಲ್ಲಿ ಅಮ್ಮ, ಅಂದರೆ ಅವನ ಅಜ್ಜಿ, ಅವನೆದುರಿಗೇ ಹರಕೆ ಹೊತ್ತರು. ಒಳ್ಳೆಯ ಅಂಕ ಬಂದರೆ ಮೊಮ್ಮಗನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಬರುತ್ತೇನೆ ಅಂತ. ಹುಡುಗನ ಮುಖ ಇಳಿದುಹೋಯಿತು. ಅಜ್ಜಿಯ ಹರಕೆ ತೀರುವುದೂ ಈಗ ತನ್ನ ಗಣಿತದ ಮೇಲೆ ನಿಂತಿತಲ್ಲ ಅನ್ನುವ ಭಾರ. ಅಡುಗೆಮನೆಗೆ ಹೋಗಿ ಮೆಲ್ಲಗೆ ಹೇಳಿದೆ, "ಅಮ್ಮಾ, ಹರಕೆ ನಿಮ್ಮ ಮನಸ್ಸಲ್ಲೇ ಇರಲಿ, ಫಲಿತಾಂಶ ಬರೋವರೆಗೆ ಅವನ ಮುಂದೆ ಎತ್ತಬೇಡಿ." ಅವರಿಗೆ ಸ್ವಲ್ಪ ಬೇಸರ ಆಯಿತು. ಆದರೆ ರಾತ್ರಿ ಅವನ ಪಕ್ಕ ಕೂತು, "ಅಂಕ ಎಷ್ಟಾದ್ರೂ ಬರ್ಲಿ ಮಗಾ, ರಜೆಗೆ ಧರ್ಮಸ್ಥಳಕ್ಕೆ ಹೋಗೋಣ" ಅಂದರು. ಆ ಒಂದು ಮಾತು ನನ್ನ ಎಂಟು ಸಾಲಿಗಿಂತ ಜಾಸ್ತಿ ಕೆಲಸ ಮಾಡಿತು.

ಎಂಟೂ ಸಾಲನ್ನು ಭಾನುವಾರ ರಾತ್ರಿ ಮಲಗುವ ಮುಂಚೆ ಒಂದು ಸಲ ಇಬ್ಬರೂ ಸೇರಿ ಹೇಳಿದೆವು. ಸೋಮವಾರ ಸ್ನಾನ ಆದಮೇಲೆ ದೀಪದ ಮುಂದೆ ಇನ್ನೊಂದು ಸಲ. ಅಷ್ಟೇ. ಪರೀಕ್ಷಾ ಕೊಠಡಿಗೆ ಅಂತ ನಾಲ್ಕನೆಯ ಸಾಲು ಒಂದನ್ನೇ ಇಟ್ಟಿದ್ದೆವು. ಪರೀಕ್ಷೆ 10 ಗಂಟೆಯಿಂದ 1.15ರವರೆಗೆ. ಅದರಲ್ಲಿ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ. ಪತ್ರಿಕೆ ಕೈಗೆ ಬಂದ ತಕ್ಷಣ ಕಷ್ಟದ ಪ್ರಶ್ನೆ ಹುಡುಕಿ ಎದೆ ಒಡೆದುಕೊಳ್ಳುವುದು ಅದೇ ಹೊತ್ತಲ್ಲಿ. ಅದಕ್ಕೆ ಪತ್ರಿಕೆಯನ್ನು ಒಂದು ಸಲ ಮಗುಚಿಟ್ಟು, ಅಂಗೈ ಡೆಸ್ಕಿನ ಮೇಲಿಟ್ಟು, ಆ ಸಾಲು ಹೇಳಿ, ಆಮೇಲೆ ಓದು ಅಂದಿದ್ದೆ. ಶನಿವಾರ ಬಿಡಿಸಿದ್ದ ಹಳೆಯ ಪತ್ರಿಕೆಯೊಂದನ್ನು ಇಟ್ಟುಕೊಂಡು ಊಟದ ಮೇಜಿನ ಮೇಲೆ ಎರಡು ಸಲ ಹೀಗೆ ಮಾಡಿ ನೋಡಿದೆವು.

"ಮೊದಲ ಸಾಲು" ಅಂದರೆ ಏನು ಅನ್ನುವುದನ್ನೂ ಆಗಲೇ ತೀರ್ಮಾನ ಮಾಡಿಕೊಂಡೆವು. ಪ್ರಮೇಯಕ್ಕೆ ಮೊದಲ ಸಾಲು ಅಂದರೆ "ದತ್ತ". ತಲೆ ಖಾಲಿ ಅನ್ನಿಸಿದರೆ ತ್ರಿಭುಜದ ಚಿತ್ರ ಬರೆದು, ದತ್ತ ಅಂತ ಬರೆದು, ಪ್ರಶ್ನೆಯಲ್ಲಿ ಕೊಟ್ಟಿರುವುದನ್ನೇ ಬರೆಯುವುದು. ಪ್ರಮೇಯದ ಹೇಳಿಕೆ ಪ್ರಶ್ನೆಯಲ್ಲೇ ಇದ್ದರೆ ಅದಕ್ಕೆ ಏನೂ ನೆನಪಿರಬೇಕಾಗಿಲ್ಲ. ಸಾಧನೀಯ, ರಚನೆ ಆಮೇಲೆ ಒಂದೊಂದಾಗಿ ಬರುತ್ತವೆ. ಮೇಜಿನ ಮೇಲೆ ಹಾಗೆ ಬರೆದಾಗ ರಚನೆಯ ಹತ್ತಿರ ಒಂದು ಕ್ಷಣ ನಿಂತ, ನಾನು ಸುಮ್ನೆ ಕೂತೆ, ಆಮೇಲೆ ತಾನೇ ಎರಡು ಗೆರೆ ಎಳೆದ.

ಒಂದು ಮಾತು ಹೇಳಲೇಬೇಕು. ಅವನಿಗೆ ಆಗಿದ್ದು ಎರಡು ದಿನದ ದಿಗಿಲು. ವಾರಗಟ್ಟಲೆ ನಿದ್ದೆ ಬರದೇ ಇದ್ದರೆ, ಬದುಕೇ ಬೇಡ ಅನ್ನುವಂಥ ಮಾತು ಬಾಯಲ್ಲಿ ಬಂದರೆ, ಪ್ರಾರ್ಥನೆ ಒಂದನ್ನೇ ನಂಬಿ ಕೂರಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆ ಜೊತೆಗೆ ಇರಲಿ.

ಸೋಮವಾರ ಮಧ್ಯಾಹ್ನ ಗೇಟಿನ ಹತ್ತಿರ ಕಾಯುತ್ತಿದ್ದೆ. ಪೇಪರ್ ಹೇಗಿತ್ತು ಅಂತ ಕೇಳಬಾರದು ಅಂತ ಮೊದಲೇ ಅಂದುಕೊಂಡಿದ್ದೆ, ಕೇಳಲಿಲ್ಲ. ನೀರಿನ ಬಾಟಲಿ ಕೊಟ್ಟೆ. ಅರ್ಧ ಕುಡಿದು ತಾನೇ ಹೇಳಿದ, "ಮಾವ, ನನ್ನ ಮುಂದಿನ ಬೆಂಚಿನ ಹುಡುಗನ ಕೈ ನಡುಗ್ತಾ ಇತ್ತು. ನಂದು ಹೇಳ್ಕೊಂಡ ಮೇಲೆ ಅವನಿಗೂ ಒಂದ್ಸಲ ಹೇಳಿದೆ. ಮನಸ್ಸಲ್ಲೇ."