ಲಾಕ್ ಆದ ಮೇಲೆ ತೆಗೆದ ಆರು ಸೆಕೆಂಡು

ಎರಡು ವರ್ಷಗಳ ಹಿಂದೆ ಸಂಸ್ಥೆಯೊಂದಕ್ಕೆ ಮಾಡಿದ ಸಾಕ್ಷ್ಯಚಿತ್ರದಲ್ಲಿ, ಪಿಕ್ಚರ್ ಲಾಕ್, ಅಂದರೆ ಇನ್ನು ದೃಶ್ಯಗಳನ್ನು ಮುಟ್ಟುವುದಿಲ್ಲವೆಂಬ ತೀರ್ಮಾನ, ಆದ ಬಳಿಕ ಆರು ಸೆಕೆಂಡಿನ ಶಾಟ್ ತೆಗೆಯಲು ಅಧ್ಯಕ್ಷರು ಹೇಳಿದಾಗ ನಾನು ಒಪ್ಪಿಬಿಟ್ಟೆ. ಸೆಕೆಂಡಿಗೆ 25 ಫ್ರೇಮಿನ ಟೈಮ್‌ಲೈನಿನಲ್ಲಿ ಅದು 150 ಫ್ರೇಮು. ಅಲ್ಲಿಂದ ಮುಂದಿನ ನಿರೂಪಣೆ, ಸಂಗೀತ ಎಲ್ಲವೂ ಜರುಗಿ, ಸೌಂಡ್‌ನವರಿಗೆ ಮತ್ತೆ ಹೊಂದಿಸಿದ್ದಕ್ಕಾಗಿ ಒಂಬತ್ತು ಸಾವಿರದಷ್ಟನ್ನು ಕೈಯಿಂದ ಕೊಟ್ಟೆ.

ಮುಂದಿನ ಕೆಲಸ ಸಂಘವೊಂದಕ್ಕೆ, ಬ್ಯಾಡಗಿ ಮೆಣಸಿನಕಾಯಿಯ ಕುರಿತು, 22 ನಿಮಿಷದ್ದು. ಲಾಕ್ ಆದ ಮೇಲೆ ಪ್ರತಿ ಬದಲಾವಣೆಗೆ ಮೂರು ಸಾವಿರ, ಜೊತೆಗೆ ಸೌಂಡ್‌ನ ಖರ್ಚು ಎಂದು ಕರಾರಿನಲ್ಲೇ ಬರೆದೆ. 'ಹುಬ್ಬಳ್ಳ್ಯಾಗ ಇದು ನಡಿಯೂದಿಲ್ಲ, ಗಿರಾಕಿ ಬ್ಯಾರೆ ಕಡೆ ಹೊಕ್ಕಾನ' ಎಂದು ಗೆಳೆಯರು ನಕ್ಕರು.

ರಫ್ ಕಟ್ಟನ್ನು, ಅಂದರೆ ಒರಟು ಜೋಡಣೆಯನ್ನು, ಮೊದಲು ವಾಟ್ಸಾಪಿನಲ್ಲಿ ಕಳಿಸಿದ್ದು ನನ್ನ ತಪ್ಪು. ಬಂದ ಟೀಕೆಗಳಲ್ಲಿ ಅರ್ಧದಷ್ಟು, ಚಿತ್ರ ಮಸುಕಾಗಿದೆ ಎಂಬುದಕ್ಕೇ ಸೇರಿದ್ದವು. ಆಮೇಲೆ ಸಂಗೀತವನ್ನೂ ಬಣ್ಣದ ತಿದ್ದುಪಡಿಯನ್ನೂ ಬಿಟ್ಟು, ಮೂಲೆಯಲ್ಲಿ ಆಯಾ ಕ್ಷಣವನ್ನು ಗುರುತಿಸುವ ಟೈಮ್‌ಕೋಡ್ ಹಾಕಿ, ಧಾರವಾಡದ ಒಂದು ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದೆ. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಬೇಸರವಾಯಿತು ಎಂಬೆರಡನ್ನಷ್ಟೇ ಕೇಳಿದೆ. ಪರಿಹಾರ ಹೇಳಿದರೂ ಸಮಸ್ಯೆಯನ್ನು ಮಾತ್ರ ಬರೆದುಕೊಂಡೆ.

ಎಂಟನೆಯ ನಿಮಿಷದ ಸುಮಾರಿಗೆ, ಹೆಣ್ಣುಮಕ್ಕಳು ತೊಟ್ಟು ಬಿಡಿಸುವ ದೃಶ್ಯ ಉದ್ದವಾಯಿತು, ಅರ್ಧ ಕತ್ತರಿಸಿ ಎಂದು ಮೂವರು ಹೇಳಿದರು. ಕತ್ತರಿಸಿ ನೋಡಿದೆ, ಬೇಸರ ಹೋಗಲಿಲ್ಲ. ಅವರು ಯಾರು, ಎಷ್ಟು ಕೂಲಿಗೆ ದುಡಿಯುತ್ತಾರೆ ಎಂಬುದನ್ನು ಒಬ್ಬಾಕೆ ಹೇಳುವ ಮಾತು ದೃಶ್ಯದ ಕೊನೆಗಿತ್ತು. ಆ ಹನ್ನೆರಡು ಸೆಕೆಂಡನ್ನು ಮುಂದಕ್ಕೆ ತಂದು, ಕತ್ತರಿಸಿದ್ದನ್ನೆಲ್ಲ ಮರಳಿ ಸೇರಿಸಿದೆ. ತಿದ್ದಿದ ಆವೃತ್ತಿಯಾದ ಫೈನ್ ಕಟ್ಟಿನಲ್ಲಿ ಅದೇ ಮೂವರು ಆ ದೃಶ್ಯದ ಸೊಲ್ಲೆತ್ತಲಿಲ್ಲ.

ಫೈನ್ ಕಟ್ಟಿಗೆ ಎರಡೇ ಸುತ್ತು. ಎಲ್ಲರ ಮಾತನ್ನು ಒಬ್ಬರೇ ಒಟ್ಟುಗೂಡಿಸಿ, ಟೈಮ್‌ಕೋಡ್ ಸಹಿತ ಒಂದೇ ಪಟ್ಟಿಯಲ್ಲಿ ಕಳಿಸಬೇಕು. ಪರಸ್ಪರ ವಿರುದ್ಧವಾದ ಬೇಡಿಕೆಗಳಿದ್ದರೆ ಪಟ್ಟಿ ಹಾಗೆಯೇ ವಾಪಸು. ಮೊದಲ ಪಟ್ಟಿ ಎರಡು ಸಲ ವಾಪಸು ಹೋಯಿತು, ನಿಷ್ಠುರವೂ ಆಯಿತು. ಆದರೆ ಒಟ್ಟು ನಾಲ್ಕೇ ವರ್ಷನ್ನಿನಲ್ಲಿ ಲಾಕ್ ಪತ್ರಕ್ಕೆ ಸಹಿ ಬಿತ್ತು. ಹಿಂದಿನದಕ್ಕೆ ಹನ್ನೊಂದು ಬೇಕಾಗಿದ್ದವು.

ಸಹಿಯಾಗಿ ವಾರದ ಮೇಲೆ, ಸಂಘ ಬಿಟ್ಟುಹೋದ ಒಬ್ಬರ ಶಾಟ್ ತೆಗೆಯಬೇಕೆಂದು ಫೋನ್ ಬಂತು. ಅಷ್ಟೇ ಉದ್ದದ, 3 ಸೆಕೆಂಡು 10 ಫ್ರೇಮಿನ ಮಾರುಕಟ್ಟೆಯ ಶಾಟನ್ನು ಅದೇ ಜಾಗದಲ್ಲಿ ಕೂರಿಸಿದೆ. ಸೌಂಡ್ ಒಂದು ಫ್ರೇಮೂ ಅಲುಗಲಿಲ್ಲ, ಆ ಶಾಟಿನ ಬಣ್ಣ ಮಾತ್ರ ಹೊಸದಾಗಿ ಹೊಂದಿಸಬೇಕಾಯಿತು. ಮೂರು ಸಾವಿರದ ಬಿಲ್ ಕಳಿಸಿದೆ. ಚೌಕಾಸಿ ಮಾಡದೆ ಕೊಟ್ಟರು.