ವಧೂವರ ಜಾಲತಾಣದ ಪ್ರೊಫೈಲಿನಲ್ಲಿ ಕಾಯಿಲೆಯ ವಿಷಯ

ಮೂರ್ಛೆರೋಗ, ಸಕ್ಕರೆ ಕಾಯಿಲೆಯಂಥ ಹೊರಗೆ ಕಾಣದ ತೊಂದರೆಯಿದ್ದರೆ ಪ್ರೊಫೈಲಿನಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ, ದಿನಚರಿಯ ಮೇಲೆ ಅದರ ಪರಿಣಾಮವನ್ನಷ್ಟೇ ಬರೆಯಿರಿ: “ದಿನವೂ ಮಾತ್ರೆ ಬೇಕಾಗುವ ಒಂದು ಆರೋಗ್ಯ ಸಮಸ್ಯೆಯಿದೆ, ಹತೋಟಿಯಲ್ಲಿದೆ, ಕೆಲಸಕ್ಕೆ ಹೋಗುತ್ತೇನೆ, ವಿವರವನ್ನು ಫೋನಿನಲ್ಲಿ ನಾನೇ ತಿಳಿಸುತ್ತೇನೆ.” ಪ್ರೊಫೈಲಿನ ಸ್ಕ್ರೀನ್‌ಶಾಟ್ ಯಾವ ಯಾವ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೋ ಹೇಳಲಾಗದು. ಹೆಸರು ಒಮ್ಮೆ ಹೊರಬಿದ್ದರೆ ಕಚೇರಿಗೂ ತಲುಪೀತು. ಈ ಒಂದು ಸಾಲಾದರೋ ಬೇಡವೆನ್ನುವವರನ್ನು ಮೊದಲೇ ದೂರವಿಡುತ್ತದೆ, ಮುಚ್ಚಿಟ್ಟಿರೆಂಬ ಮಾತೂ ಬರುವುದಿಲ್ಲ. ಅಂಗವೈಕಲ್ಯದ ಗುರುತಿನ ಚೀಟಿಯನ್ನೂ ಔಷಧದ ಚೀಟಿಯನ್ನೂ ಹಾಕಲೇಬೇಡಿ. ಕಿವಿ ಕೇಳಿಸದವರಿಗೆ, ಗಾಲಿಕುರ್ಚಿ ಬಳಸುವವರಿಗೆ ಈ ಉಪಾಯ ಹೊಂದುವುದಿಲ್ಲ. “ಕರೆ ಮಾಡಬೇಡಿ, ಸಂದೇಶ ಕಳಿಸಿ”, “ಮೆಟ್ಟಿಲಿಲ್ಲದ ಜಾಗದಲ್ಲಿ ಭೇಟಿಯಾಗೋಣ” ಎಂದು ನೇರವಾಗಿ ಬರೆಯುವುದೇ ಸರಿ. ಇನ್ನೊಂದು ಮಿತಿ: ಕಾಯಿಲೆಯ ಹೆಸರು ಹೇಳುವುದನ್ನು ಹೆಣ್ಣು ನೋಡುವ ಶಾಸ್ತ್ರದಾಚೆಗೆ ಎಳೆಯಬಾರದು. ಮೂರ್ಛೆರೋಗ ಮದುವೆಗೆ ಅಡ್ಡಿಯೆಂಬ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದಿದ್ದಾರೆ; ಆದರೆ ಮುಖ್ಯ ಸಂಗತಿ ಮರೆಮಾಚಿ ಒಪ್ಪಿಗೆ ಪಡೆದರೆಂದು 12ನೇ ಕಲಮಿನಡಿ ಮದುವೆಯ ರದ್ದತಿ ಕೋರಲು ದಾರಿಯಿದೆ. ಫೋನಿನಲ್ಲಿ ಹೇಳಿದ ಮೇಲೆ ಅದನ್ನೇ ಎರಡು ಸಾಲಿನ ಸಂದೇಶವಾಗಿಯೂ ಕಳಿಸಿ, ಅಳಿಸದೆ ಇಟ್ಟುಕೊಳ್ಳಿ.